ಚಂದ್ರನ ನೆರಳಿನ ನಡುವೆ ಬೆಳಕಿನ ಚುಕ್ಕೆ ಏಕೆ ಮೂಡಲಿಲ್ಲ?

ಪ್ರಶ್ನೆ: ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಒಂದು ಬೆಳಕಿನ ಚುಕ್ಕೆ ಮೂಡುತ್ತದೆ ಎಂದು ಮಗಳು ಕಾಲೇಜಿನಿಂದ ಕಲಿತು ಬಂದಿದ್ದಾಳೆ. 1980ರಲ್ಲಿ ನಮ್ಮ ಊರಿನಲ್ಲಿ ಖಗ್ರಾಸ ಸೂರ್ಯಗ್ರಹಣ ಆಗಿದ್ದು ನನಗೆ ನೆನಪಿದೆ. ಚಂದ್ರನೂ ದುಂಡಗೇ ಇದ್ದಾನಲ್ಲ! ಅವನ ನೆರಳಿನ ನಡುವೆ ಆ ಚುಕ್ಕೆ ಏಕೆ ಕಾಣಲಿಲ್ಲ? ಗ್ರಹಣದ ಹೊತ್ತಿಗೆ ಸುಣ್ಣದ ಗೋಡೆಯ ಮೇಲೆ ನಸುಗಪ್ಪು ಗೆರೆಗಳು ಹರಿದು ಹೋದವು ಎಂದು ಹಿರಿಯರು ಹೇಳುತ್ತಿದ್ದರು. ಮಗಳ ಪುಸ್ತಕದಲ್ಲಿ ನೆರಳಿನ ಅಂಚಿನ ಬಳಿ ತೋರಿಸಿರುವ ಪಟ್ಟಿಗಳು ಅವೇ ಏನು? ಆ ಚುಕ್ಕೆಯನ್ನು ಮನೆಯಲ್ಲೇ ನೋಡಲು ಸಾಧ್ಯವೇ?
— ಹಾನಗಲ್ಲ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ನೆನಪು ಸರಿಯಾಗಿದೆ. 1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ದಟ್ಟ ನೆರಳು ಅಂಕೋಲಾ, ಕಾರವಾರದ ಕಡೆಯಿಂದ ನೆಲಕ್ಕೆ ಬಂದು, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಈಶಾನ್ಯಕ್ಕೆ ಹೋಯಿತು. ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ, ಶಿಗ್ಗಾವಿ, ಸವಣೂರು ಮೂರೂ ಆ ನೆರಳಿನ ಪಟ್ಟಿಯೊಳಗೆ ಬಂದಿದ್ದವು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಅಂದು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣ ಹೂಡಿ ಕಾದಿದ್ದರು. ಅವರು ನೋಡಲು ಬಂದದ್ದು ಸೂರ್ಯನ ಕರೋನಾವನ್ನು. ನೆರಳಿನ ನಡುವಿನ ಚುಕ್ಕೆಯನ್ನು ಯಾರೂ ಹುಡುಕಲಿಲ್ಲ. ಅದು ಸಿಗುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಏಕೆ ಸಿಗುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ದುಂಡು ತಟ್ಟೆಗಿಂತ ಮೊದಲು ನೇರವಾದ ಒಂದು ಅಂಚಿನಿಂದ ಆರಂಭಿಸಬೇಕು.

ಕ್ಷೌರದ ಬ್ಲೇಡೊಂದನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಬೆಳಕು ಬರುವ ಮೂಲ ಸೂಜಿಮೊನೆಯಷ್ಟು ಸಣ್ಣದಿರಬೇಕು, ಒಂದೇ ಬಣ್ಣದ್ದಾಗಿರಬೇಕು. ಗೋಡೆಯ ಮೇಲೆ ಬ್ಲೇಡಿನ ನೆರಳು ಬೀಳುತ್ತದೆ. ಬೆಳಕು ಬರೀ ಗೆರೆ ಎಳೆದಂತೆ ನೇರ ಹೋಗುವುದಾಗಿದ್ದರೆ ಒಂದು ಕಡೆ ಪೂರ್ತಿ ಬೆಳಕು, ಇನ್ನೊಂದು ಕಡೆ ಪೂರ್ತಿ ಕತ್ತಲೆ, ನಡುವೆ ಚೂಪಾದ ಗಡಿ ಇರಬೇಕಿತ್ತು. ಹಾಗಾಗುವುದಿಲ್ಲ. ಗಡಿ ಇರಬೇಕಾದ ಜಾಗದಲ್ಲಿ ಬೆಳಕು ಆಗಲೇ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಅಲ್ಲಿಂದ ನೆರಳಿನ ಒಳಗೆ ಹೋದಂತೆ ಅದು ಮೆಲ್ಲಗೆ ಕರಗುತ್ತದೆ, ಅಲ್ಲಿ ಪಟ್ಟಿಗಳಿಲ್ಲ. ಹೊರಗೆ, ಬೆಳಕಿನ ಕಡೆಗೆ ಹೋದರೆ ಮಾತ್ರ ಪಟ್ಟಿಗಳು. ಮೊದಲು ಸಿಗುವ ಬೆಳಕಿನ ಪಟ್ಟಿ ಬ್ಲೇಡೇ ಇಲ್ಲದಿದ್ದಾಗ ಇರುತ್ತಿದ್ದ ಬೆಳಕಿಗಿಂತ ಸುಮಾರು ಶೇಕಡಾ 37ರಷ್ಟು ಹೆಚ್ಚು ಪ್ರಖರ. ಅದರ ಪಕ್ಕ ಮಂಕು ಪಟ್ಟಿ, ಮತ್ತೆ ಬೆಳಕಿನ ಪಟ್ಟಿ. ಹೀಗೆ ದೂರ ಹೋದಂತೆ ಅವು ಕಿರಿದಾಗಿ, ಒತ್ತಾಗಿ, ಕೊನೆಗೆ ಸಮ ಬೆಳಕಿನಲ್ಲಿ ಸೇರಿಹೋಗುತ್ತವೆ. ಬೆಳಕು ಅಂಚಿನ ಬಳಿ ಹೀಗೆ ಹರಡುವುದನ್ನು ನಮ್ಮ ಪಠ್ಯಪುಸ್ತಕಗಳು ವಿವರ್ತನೆ ಎನ್ನುತ್ತವೆ.

ಇದಕ್ಕೆ ಕಾರಣ ತಿಳಿಯಲು ಒಂದು ಸರಳ ದಾರಿಯಿದೆ. ಬ್ಲೇಡನ್ನು ದಾಟಿದ ಮೇಲೆ ಗೋಡೆಗೆ ಎರಡು ಬಗೆಯ ಬೆಳಕು ಬರುತ್ತದೆ ಎಂದುಕೊಳ್ಳಿ. ಒಂದು, ಮೂಲದಿಂದ ನೇರ ಬಂದ ಬೆಳಕು. ಇನ್ನೊಂದು, ಬ್ಲೇಡಿನ ಅಂಚಿನಿಂದಲೇ ಹೊರಟಂತೆ ಎಲ್ಲ ಕಡೆಗೂ ಹರಡುವ ಕ್ಷೀಣವಾದ ಅಲೆ. ಬೆಳಕಿನ ಕಡೆಯಲ್ಲಿ ಇವೆರಡೂ ಕೂಡುತ್ತವೆ. ಒಂದು ಅಲೆಯ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಿದ್ದಲ್ಲಿ ಬೆಳಕು ಹೆಚ್ಚುತ್ತದೆ, ಉಬ್ಬು ತಗ್ಗಿನ ಮೇಲೆ ಬಿದ್ದಲ್ಲಿ ಕುಗ್ಗುತ್ತದೆ. ಪಟ್ಟಿಗಳು ಬರುವುದು ಇದರಿಂದ. ನೆರಳಿನ ಒಳಗೆ ನೇರ ಬೆಳಕು ಬರುವುದೇ ಇಲ್ಲ, ಅಂಚಿನ ಅಲೆ ಒಂಟಿ. ಜೊತೆಗೆ ಕೂಡಿಕೊಳ್ಳಲು ಇನ್ನೊಂದು ಅಲೆ ಇಲ್ಲವಾದ್ದರಿಂದ ಅಲ್ಲಿ ಪಟ್ಟಿಯೂ ಇಲ್ಲ.

ಈಗ ಬ್ಲೇಡನ್ನು ತೆಗೆದು ಅದೇ ಜಾಗದಲ್ಲಿ ದುಂಡನೆಯ ತಟ್ಟೆಯನ್ನಿಡಿ. ತಟ್ಟೆಯ ಅಂಚು ಸುತ್ತಲೂ ಇದೆ. ಆದ್ದರಿಂದ ನೆರಳಿನ ಒಳಗೆ ಅಂಚಿನ ಅಲೆ ಒಂಟಿಯಲ್ಲ. ಸುತ್ತಲಿನ ಪ್ರತಿಯೊಂದು ಬಿಂದುವಿನಿಂದಲೂ ಅಲ್ಲಿಗೆ ಅಲೆ ಬರುತ್ತದೆ. ನೆರಳಿನ ನಟ್ಟನಡುವಿನ ಬಿಂದುವನ್ನು ಗಮನಿಸಿ. ಅದು ತಟ್ಟೆಯ ಅಂಚಿನ ಎಲ್ಲ ಬಿಂದುಗಳಿಂದಲೂ ಸಮಾನ ದೂರದಲ್ಲಿದೆ. ಎಲ್ಲ ಕಡೆಯ ಅಲೆಗಳೂ ಸಮಾನ ದಾರಿ ನಡೆದು, ಉಬ್ಬಿಗೆ ಉಬ್ಬು ಸೇರಿ ಅಲ್ಲಿಗೆ ತಲುಪುತ್ತವೆ. ಡೊಳ್ಳಿನ ಮೇಳದವರು ದೊಡ್ಡ ವೃತ್ತವಾಗಿ ನಿಂತು ಒಂದೇ ಸಲಕ್ಕೆ ಒಂದು ಪೆಟ್ಟು ಹೊಡೆದರೆ, ನಟ್ಟನಡುವೆ ನಿಂತವರಿಗೆ ಅದು ಒಂದೇ ಗಟ್ಟಿ ಪೆಟ್ಟಾಗಿ ಕೇಳುತ್ತದೆ. ಪಕ್ಕಕ್ಕೆ ಸರಿದವರಿಗೆ ಹತ್ತಿರದ ಡೊಳ್ಳು ಮೊದಲು, ದೂರದ್ದು ಆಮೇಲೆ. ಬೆಳಕಿನಲ್ಲೂ ನಡೆಯುವುದು ಇದೇ. ನಡುವಿನಿಂದ ಸ್ವಲ್ಪ ಸರಿದರೆ ಒಂದು ಬದಿಯ ಅಂಚು ಹತ್ತಿರವಾಗಿ ಎದುರು ಬದಿಯದು ದೂರವಾಗುತ್ತದೆ, ಅಲೆಗಳು ಒಂದನ್ನೊಂದು ಅಳಿಸುತ್ತವೆ, ಚುಕ್ಕೆಯ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಅದರಾಚೆ ಇನ್ನೂ ಮಂಕಾದ ಉಂಗುರಗಳು. ಆದರೆ ನಡುವಿನ ಚುಕ್ಕೆ ಮಂಕಲ್ಲ. ತಟ್ಟೆ ಸರಿಯಾಗಿ ದುಂಡಗಿದ್ದು ಗೋಡೆ ಸಾಕಷ್ಟು ದೂರವಿದ್ದರೆ, ತಟ್ಟೆಯೇ ಇಲ್ಲದಾಗ ಅಲ್ಲಿ ಎಷ್ಟು ಬೆಳಕಿರುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಬೆಳಕು ಆ ಚುಕ್ಕೆಯಲ್ಲಿರುತ್ತದೆ.

ನಂಬಲು ಕಷ್ಟವಾದರೆ ಸಂಕೋಚ ಬೇಡ. ಇದನ್ನು ಮೊದಲು ಲೆಕ್ಕ ಹಾಕಿದವರೇ ನಂಬಿರಲಿಲ್ಲ. ವಿವರ್ತನೆಯನ್ನು ವಿವರಿಸಿದವರಿಗೆ ಬಹುಮಾನ ಕೊಡುವುದಾಗಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಸ್ಪರ್ಧೆ ಏರ್ಪಡಿಸಿತ್ತು. ಬೆಳಕು ಅಲೆ ಎಂದು ವಾದಿಸಿ 1818ರಲ್ಲಿ ಅಗಸ್ಟಿನ್ ಫ್ರೆನೆಲ್ ಒಂದು ಪ್ರಬಂಧ ಸಲ್ಲಿಸಿದರು. ತೀರ್ಪುಗಾರರಲ್ಲಿ ಒಬ್ಬರಾದ ಗಣಿತಜ್ಞ ಪೊಯ್ಸೋನ್ ಬೆಳಕು ಕಣಗಳೆಂದು ನಂಬಿದವರು. ಫ್ರೆನೆಲ್ ಅವರ ಲೆಕ್ಕವನ್ನು ದುಂಡು ತಟ್ಟೆಗೆ ಹಚ್ಚಿ, ಇದು ನಿಜವಾದರೆ ನೆರಳಿನ ನಡುವೆ ಬೆಳಕು ಇರಬೇಕಾಗುತ್ತದೆ, ಇದೆಂಥ ಅಸಂಬದ್ಧ ಎಂದು ತೋರಿಸಿದರು. ಇನ್ನೊಬ್ಬ ತೀರ್ಪುಗಾರ ಅರಾಗೊ ವಾದಕ್ಕೆ ನಿಲ್ಲದೆ ಪ್ರಯೋಗಕ್ಕೆ ಇಳಿದರು. 2 ಮಿಲಿಮೀಟರ್ ಅಗಲದ ಲೋಹದ ತಟ್ಟೆಯನ್ನು ಮೇಣದಿಂದ ಗಾಜಿಗೆ ಅಂಟಿಸಿ ಅದರ ನೆರಳನ್ನು ನೋಡಿದರು. ಚುಕ್ಕೆ ಅಲ್ಲಿತ್ತು. 1819ರಲ್ಲಿ ಬಹುಮಾನ ಫ್ರೆನೆಲ್ ಅವರಿಗೆ ಸಂದಿತು. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಮರಾಲ್ಡಿ ಎಂಬುವರು ಇಂಥ ಚುಕ್ಕೆಯನ್ನು ಕಂಡು ದಾಖಲಿಸಿದ್ದರು. ಅದರ ಅರ್ಥ ಹೊಳೆಯದ ಕಾಲವಾದ್ದರಿಂದ ಆ ಮಾತು ಮರೆತುಹೋಗಿತ್ತು.

ಇನ್ನು ಚಂದ್ರನ ಕಡೆಗೆ ಬರೋಣ. ಅರಾಗೊ ಅವರ ತಟ್ಟೆಗೆ ಆದದ್ದು ಚಂದ್ರನಿಗೆ ಏಕೆ ಆಗಲಿಲ್ಲ? ಕಾರಣ ಎರಡು, ಎರಡರಲ್ಲಿ ಯಾವುದೊಂದೇ ಆದರೂ ಚುಕ್ಕೆಯನ್ನು ಅಳಿಸಲು ಸಾಕು.

ಮೊದಲನೆಯದು ಸೂರ್ಯನ ಅಗಲ. ಸೂರ್ಯ ಬಿಂದುವಲ್ಲ, ನಮ್ಮ ಕಣ್ಣಿಗೆ ಅದು ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಆ ಬಿಂಬದ ಪ್ರತಿಯೊಂದು ಬಿಂದುವೂ ಚಂದ್ರನ ನೆರಳನ್ನು ಒಂದೊಂದು ದಿಕ್ಕಿಗೆ ಎಸೆಯುತ್ತದೆ. ಚುಕ್ಕೆ ಮೂಡಿದರೂ ಪ್ರತಿಯೊಂದು ಬಿಂದುವಿನ ಚುಕ್ಕೆ ಬೇರೆ ಬೇರೆ ಕಡೆ ಬೀಳಬೇಕು. ಸೂರ್ಯನ ನಡುಭಾಗದ ಚುಕ್ಕೆ ನೆರಳಿನ ನಡುವೆ ಬಿದ್ದರೆ, ಸೂರ್ಯನ ಅಂಚಿನ ಬಿಂದುವಿನ ಚುಕ್ಕೆ ಅಲ್ಲಿಂದ ಸುಮಾರು 1,800 ಕಿಲೋಮೀಟರ್ ಆಚೆ ಬೀಳುತ್ತದೆ. ಹಾಗಾದರೆ ಒಂದು ಚುಕ್ಕೆಯ ಗಾತ್ರವೆಷ್ಟು? ಬೆಳಕಿನ ತರಂಗದೂರವನ್ನು ದೂರದಿಂದ ಗುಣಿಸಿ ತಟ್ಟೆಯ ಅಗಲದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಹಸಿರು ಬೆಳಕಿನ ತರಂಗದೂರ 0.0005 ಮಿಲಿಮೀಟರ್, ಚಂದ್ರನ ದೂರ ಸುಮಾರು 3,84,000 ಕಿಲೋಮೀಟರ್, ಅಗಲ 3,474 ಕಿಲೋಮೀಟರ್. ಬರುವ ಉತ್ತರ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಇಷ್ಟು ಪುಟ್ಟ ಚುಕ್ಕೆಗಳು ಸಾವಿರಾರು ಕಿಲೋಮೀಟರ್ ಅಗಲಕ್ಕೆ ಚೆಲ್ಲಿಹೋದರೆ ಯಾವ ಜಾಗದಲ್ಲೂ ಅವು ಕಾಣುವುದಿಲ್ಲ. ಕರೋನಾದ ಮಂದ ಬೆಳಕಿನ ಮುಂದೆ ಅದು ಲೆಕ್ಕಕ್ಕೇ ಬಾರದು.

ಎರಡನೆಯದು ಇನ್ನೂ ಕುತೂಹಲದ್ದು. ಸೂರ್ಯನ ಜಾಗದಲ್ಲಿ ಬಿಂದುವಿನಂಥ ಒಂದು ನಕ್ಷತ್ರವೇ ಇದೆ ಎಂದುಕೊಳ್ಳೋಣ. ಆಗಲಾದರೂ ಚುಕ್ಕೆ ಬಂದೀತೇ? ಎಲ್ಲ ಅಂಚಿನ ಅಲೆಗಳೂ ಸಮಾನ ದಾರಿ ನಡೆದರೆ ಮಾತ್ರ ಚುಕ್ಕೆ ಎಂದು ಮೇಲೆ ಹೇಳಿದೆ. ಅಂಚಿನ ಒಂದು ಕಡೆ ಬೆಟ್ಟವೊಂದು ಹೊರಗೆ ಚಾಚಿಕೊಂಡಿದ್ದರೆ ಅಲ್ಲಿಂದ ಬರುವ ದಾರಿ ಸ್ವಲ್ಪ ಉದ್ದವಾಗುತ್ತದೆ. ಎಷ್ಟು ಉದ್ದ ಎಂಬುದು ಸುಲಭದ ಲೆಕ್ಕ. ಚಂದ್ರನ ದೂರವನ್ನು ಅವನ ತ್ರಿಜ್ಯವಾದ 1,737 ಕಿಲೋಮೀಟರಿನಿಂದ ಭಾಗಿಸಿದರೆ 221 ಬರುತ್ತದೆ. ಅಂಚು ಎಷ್ಟು ಹೊರಗೆ ಚಾಚಿದೆಯೋ ಅದರ 221ನೇ ಒಂದು ಭಾಗದಷ್ಟು ದಾರಿ ಹೆಚ್ಚುತ್ತದೆ. ಒಂದು ಕಿಲೋಮೀಟರ್ ಎತ್ತರದ ಬೆಟ್ಟವಿದ್ದರೆ ದಾರಿ ನಾಲ್ಕೂವರೆ ಮೀಟರ್ ಹೆಚ್ಚಾಯಿತು. ನಾಲ್ಕೂವರೆ ಮೀಟರಿನಲ್ಲಿ ಹಸಿರು ಬೆಳಕಿನ ಅಲೆಗಳು ಎಷ್ಟು? ಸುಮಾರು 90 ಲಕ್ಷ! ಅರ್ಧ ಅಲೆಯಷ್ಟು ವ್ಯತ್ಯಾಸ ಬಂದರೇ ಉಬ್ಬು ತಗ್ಗಿನ ಮೇಲೆ ಬಿದ್ದು ಅಳಿಸಿಹೋಗುತ್ತದೆ. ಲೆಕ್ಕವನ್ನು ತಿರುವುಮುರುವು ಮಾಡಿದರೆ, ಚಂದ್ರನ ಅಂಚು ಸುತ್ತಲೂ 0.05 ಮಿಲಿಮೀಟರಿಗಿಂತ ಹೆಚ್ಚು ಏರುಪೇರಿಲ್ಲದೆ ದುಂಡಗಿದ್ದರೆ ಮಾತ್ರ ಅವನ ನೆರಳಿನಲ್ಲಿ ಚುಕ್ಕೆ ಮೂಡೀತು ಎಂದಾಯಿತು. ಅಷ್ಟೆಂದರೆ ತಲೆಗೂದಲಿನ ದಪ್ಪ. ಚಂದ್ರನ ಅಂಚಿನಲ್ಲೋ ಕಿಲೋಮೀಟರುಗಟ್ಟಲೆ ಎತ್ತರದ ಬೆಟ್ಟಗಳೂ ಅಷ್ಟೇ ಆಳದ ಕಣಿವೆಗಳೂ ಇವೆ. ನಮ್ಮ ಕಣ್ಣಿಗೆ ಚಂದ್ರ ದುಂಡಗೆ ಕಾಣುವುದು ನಿಜ. ಬೆಳಕಿನ ಅಲೆ ಅಳೆಯುವ ದುಂಡು ಬೇರೆ, ಬಹಳ ಕಠಿಣವಾದ ದುಂಡು.

ಇಲ್ಲಿ ನಿಮಗೆ ಇನ್ನೊಂದು ಸಂದೇಹ ಹುಟ್ಟಬಹುದು, ಹುಟ್ಟಬೇಕು ಕೂಡ. ಚಂದ್ರನ ಅಂಚು ಅಷ್ಟು ಒರಟಾಗಿದ್ದರೆ ನೇರ ಅಂಚಿನ ಪಟ್ಟಿಗಳೂ ಬರಬಾರದಲ್ಲವೇ? ಆದರೆ ಅವು ಬರುತ್ತವೆ. ಚಂದ್ರ ಒಂದು ನಕ್ಷತ್ರದ ಮುಂದೆ ಸರಿದು ಅದನ್ನು ಮರೆಮಾಡುವಾಗ, ವೇಗವಾಗಿ ಬೆಳಕನ್ನು ಅಳೆಯುವ ಉಪಕರಣದಿಂದ ನೋಡಿದರೆ, ನಕ್ಷತ್ರ ಥಟ್ಟನೆ ಆರುವುದಿಲ್ಲ ಎಂದು ತಿಳಿಯುತ್ತದೆ. ಅದರ ಬೆಳಕು ಒಮ್ಮೆ ಏರಿ, ಒಮ್ಮೆ ಇಳಿದು, ಕೊನೆಯ ಸಲ ದೊಡ್ಡದಾಗಿ ಏರಿ, ಆಮೇಲೆ ಕರಗುತ್ತದೆ. ಬ್ಲೇಡಿನ ಅಂಚಿನ ಅದೇ ಪಟ್ಟಿಗಳು ನೆಲದ ಮೇಲೆ ಹಾದುಹೋಗುತ್ತಿರುತ್ತವೆ. ನೆರಳಿನ ಗಡಿಯಿಂದ ಮೊದಲ ಬೆಳಕಿನ ಪಟ್ಟಿಗೆ ಸುಮಾರು 12 ಮೀಟರ್; ನೆರಳು ಓಡುವ ವೇಗಕ್ಕೆ ಅದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದೊಳಗೆ ದಾಟಿಹೋಗುತ್ತದೆ.

ವ್ಯತ್ಯಾಸವಿರುವುದು ಇಲ್ಲೇ. ನೇರ ಅಂಚಿನ ಪಟ್ಟಿಗಳಿಗೆ ಚಂದ್ರನ ಇಡೀ ಸುತ್ತು ಬೇಕಾಗಿಲ್ಲ. ನಕ್ಷತ್ರ ಮರೆಯಾಗುವ ಜಾಗದ ಕೆಲವು ಹತ್ತು ಮೀಟರುಗಳಷ್ಟು ಅಂಚು ಸಾಕು. ಆಚೆಯ ಬೆಟ್ಟ ಎಷ್ಟೇ ಎತ್ತರವಿರಲಿ, ಈ ಲೆಕ್ಕದೊಳಗೆ ಬರುವುದಿಲ್ಲ. ಅಷ್ಟು ಸಣ್ಣ ತುಣುಕು ಹೆಚ್ಚಿನ ಸಲ ಒಂದು ಇಳಿಜಾರಾಗಿ, ನೇರವಾಗಿಯೇ ಇರುತ್ತದೆ. ಆ ತುಣುಕಿನಲ್ಲೇ ಏರುಪೇರಿದ್ದರೆ ಪಟ್ಟಿಗಳು ಕೆಡುವುದೂ ಉಂಟು. ತಟ್ಟೆಯ ನಡುವಿನ ಚುಕ್ಕೆಗೆ ಹೀಗೆ ಒಂದು ತುಣುಕು ಸಾಲದು. ಸುತ್ತಲಿನ ಅಂಚೆಲ್ಲ ಒಂದೇ ಹೊತ್ತಿಗೆ ಒಪ್ಪಬೇಕು. ಒಂದೇ ಚಂದ್ರ ಒಳ್ಳೆಯ ನೇರ ಅಂಚೂ ಹೌದು, ಕೆಟ್ಟ ತಟ್ಟೆಯೂ ಹೌದು.

ಈ ನೇರ ಅಂಚನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದ್ದಾರೆ. ನಮ್ಮ ಗಡಿಯಾಚೆ ಊಟಿಯಲ್ಲಿರುವ, 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ಗೋವಿಂದ ಸ್ವರೂಪ್ ಮತ್ತು ಸಂಗಡಿಗರು 1970ರ ಹೊತ್ತಿಗೆ ಕಟ್ಟಿದ್ದು ಮುಖ್ಯವಾಗಿ ಇಂಥ ಮರೆಯಾಗುವಿಕೆಗಳನ್ನು ಗಮನಿಸಲಿಕ್ಕೆ. ಅದು ಹಿಡಿಯುವ ರೇಡಿಯೋ ಅಲೆಯ ತರಂಗದೂರ ಸುಮಾರು 92 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಚಂದ್ರನ ನೆರಳಿನ ಮೊದಲ ಪಟ್ಟಿ 12 ಮೀಟರ್ ಅಲ್ಲ, 16 ಕಿಲೋಮೀಟರ್ ದೂರದಲ್ಲಿರುತ್ತದೆ. ಆಕಾಶದ ರೇಡಿಯೋ ಮೂಲ ಬಿಂದುವಿನಂತಿದ್ದರೆ ಪಟ್ಟಿಗಳು ಸ್ಪಷ್ಟವಾಗಿರುತ್ತವೆ, ಅಗಲವಾಗಿದ್ದರೆ ಕಲಸಿಹೋಗುತ್ತವೆ. ಎಷ್ಟು ಕಲಸಿವೆ ಎಂದು ನೋಡಿ ಮೂಲದ ಅಗಲವನ್ನು ಲೆಕ್ಕ ಹಾಕುತ್ತಾರೆ.

ಈಗ ಗೋಡೆಯ ಮೇಲೆ ಹರಿದಾಡಿದ ಗೆರೆಗಳ ಮಾತು. ನಿಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಪೂರ್ಣ ಕತ್ತಲಾಗುವ ಸ್ವಲ್ಪ ಮುಂಚೆ ಮತ್ತು ಬೆಳಕು ಮರಳಿದ ಕೂಡಲೇ ಬಿಳಿ ಗೋಡೆ, ಧೋತರ, ಬಯಲು ನೆಲದ ಮೇಲೆ ಮಸುಕಾದ ಗೆರೆಗಳು ಅಲೆಅಲೆಯಾಗಿ ಸರಿಯುವುದನ್ನು ಲೋಕದ ಹಲವೆಡೆ ನೋಡಿದ್ದಾರೆ. ಪಟ್ಟಿ ಎಂದ ಕೂಡಲೇ ಇದೂ ವಿವರ್ತನೆ ಎಂದು ತೋರುವುದು ಸಹಜ. ಆದರೆ ಇವು ಚಂದ್ರನ ಅಂಚಿನಿಂದ ಹುಟ್ಟಿದವಲ್ಲ. ಮೇಲಿನ ಲೆಕ್ಕವನ್ನೇ ನೆನಪಿಸಿಕೊಳ್ಳಿ: ಚಂದ್ರನ ಅಂಚಿನ ಪಟ್ಟಿಗಳು ಹತ್ತಾರು ಮೀಟರ್ ಅಂತರದವು, ಗೋಡೆಯ ಮೇಲಿನ ಗೆರೆಗಳಾದರೋ ಗೇಣು ಗೇಣಿನ ಅಂತರದವು. ಅಲ್ಲದೆ ಸೂರ್ಯನ ಉಳಿದ ಎಳೆ ಎಷ್ಟೇ ಸಣ್ಣದಾದರೂ ಆ 12 ಮೀಟರಿನ ಪಟ್ಟಿಗಳನ್ನು ಕಲಸಿಹಾಕುವಷ್ಟು ಅಗಲವಿರುತ್ತದೆ. ಗೋಡೆಯ ಗೆರೆಗಳನ್ನು ಮಾಡುವುದು ನಮ್ಮ ಮೇಲಿನ ಗಾಳಿ. ಬಿಸಿ, ತಂಪು ಗಾಳಿಯ ಪದರಗಳು ಬೆಳಕನ್ನು ಅಲ್ಲಲ್ಲಿ ಒಟ್ಟುಗೂಡಿಸಿ ಅಲ್ಲಲ್ಲಿ ಚದರಿಸುತ್ತವೆ. ನಕ್ಷತ್ರ ಮಿನುಗುವುದೂ ಇದರಿಂದಲೇ. ದುಂಡು ಸೂರ್ಯನಿದ್ದಾಗ ಇದು ಕಲಸಿಹೋಗಿ ಕಾಣುವುದಿಲ್ಲ. ಸೂರ್ಯ ಒಂದು ತೆಳು ಎಳೆಯಾಗಿ ಉಳಿದಾಗ ಮಾತ್ರ ಗೆರೆಯಾಗಿ ಕಾಣುತ್ತದೆ.

ಕೊನೆಗೆ, ಮನೆಯಲ್ಲಿ ನೋಡಬಹುದೇ ಎಂದು ಕೇಳಿದ್ದೀರಿ. ನೋಡಬಹುದು. ಬಿಸಿಲಿನಲ್ಲಿ ನಾಣ್ಯ ಹಿಡಿದು ಪ್ರಯತ್ನಿಸಬೇಡಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಸೂರ್ಯನ ಅಗಲವೇ ಎಲ್ಲವನ್ನೂ ಸುಮಾರು 19 ಮಿಲಿಮೀಟರಿನಷ್ಟು ಕಲಸಿಬಿಡುತ್ತದೆ. ನಾಣ್ಯದ ಅಂಚೂ ಬೇಕಾದಷ್ಟು ನಯವಿರುವುದಿಲ್ಲ. ಕತ್ತರಿಯಿಂದ ಕತ್ತರಿಸಿದ ಕಾಗದದ ಬಿಲ್ಲೆಯೂ ಆಗದು. ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಬೇರಿಂಗಿನ ಉಕ್ಕಿನ ಗುಂಡು ಇದಕ್ಕೆ ಹೇಳಿಮಾಡಿಸಿದಂತಿದೆ. ಸುಮಾರು 4 ಮಿಲಿಮೀಟರ್ ಅಗಲದ ಹೊಸ ಗುಂಡನ್ನು ತನ್ನಿ, ತುಕ್ಕು ಹಿಡಿದದ್ದು ಬೇಡ.

ಶುಚಿಯಾಗಿ ಒರೆಸಿದ ಗಾಜಿನ ತುಂಡಿಗೆ ಆ ಗುಂಡನ್ನು ಅಂಟಿನ ಅತಿ ಸಣ್ಣ ಹನಿಯಿಂದ ಅಂಟಿಸಿ. ಗುಂಡು ಗಾಜನ್ನು ತಾಗುವುದು ಒಂದೇ ಬಿಂದುವಿನಲ್ಲಿ, ಆದ್ದರಿಂದ ಹನಿ ಸಣ್ಣದಿದ್ದರೆ ಗುಂಡಿನ ಮರೆಯಲ್ಲೇ ಉಳಿಯುತ್ತದೆ. ಪಕ್ಕಕ್ಕೆ ಇಣುಕಿದರೆ ಅದೇ ಚಂದ್ರನ ಬೆಟ್ಟವಾಗುತ್ತದೆ. ಬೆಳಕಿಗೆ ಕೆಂಪು ಲೇಸರ್ ಪಾಯಿಂಟರ್ ಸಾಕು. ಅದರ ಮುಂದೆ ಎರಡು ಮೂರು ಸೆಂಟಿಮೀಟರ್ ನಾಭಿದೂರದ ಸಣ್ಣ ಉಬ್ಬು ಮಸೂರವಿಟ್ಟರೆ ಬೆಳಕು ಮೊದಲು ಬಿಂದುವಾಗಿ ಕೂಡಿ, ಅಲ್ಲಿಂದ ಹರಡುತ್ತದೆ. ಬಿಂದುವಿನಂಥ ಮೂಲ ಬೇಕೆಂದೆನಲ್ಲ, ಅದು ಹೀಗೆ ಸಿಗುತ್ತದೆ. ಆ ಬಿಂದುವಿನಿಂದ ಒಂದು ಮೀಟರ್ ದೂರಕ್ಕೆ ಗುಂಡು, ಗುಂಡಿನಿಂದ ಎರಡು ಮೀಟರ್ ದೂರಕ್ಕೆ ಬಿಳಿ ಕಾಗದ ಅಂಟಿಸಿದ ಗೋಡೆ. ಕೋಣೆ ಕತ್ತಲಾಗಿರಲಿ. ನೋಡುವುದು ಗೋಡೆಯನ್ನು ಮಾತ್ರ. ಲೇಸರಿನ ಕಡೆಗೆ ಕಣ್ಣು ಹಾಯಿಸಬಾರದು, ಮಕ್ಕಳ ಕೈಗೂ ಅದನ್ನು ಬಿಡಬಾರದು.

ಗೋಡೆಯ ಮೇಲೆ ಸುಮಾರು 12 ಮಿಲಿಮೀಟರ್ ಅಗಲದ ದುಂಡು ನೆರಳು ಬೀಳುತ್ತದೆ. ಅದರ ನಟ್ಟನಡುವೆ ಅರ್ಧ ಮಿಲಿಮೀಟರ್ ಅಗಲದ ಕೆಂಪು ಚುಕ್ಕೆ ಇರುತ್ತದೆ, ಸುತ್ತ ನಯವಾದ ಉಂಗುರಗಳು. ನೆರಳಿನ ಹೊರಗೂ ಉಂಗುರಗಳಿರುತ್ತವೆ. ಅವು ಬ್ಲೇಡಿನ ಪಟ್ಟಿಗಳೇ, ದುಂಡಗೆ ಬಾಗಿವೆ ಅಷ್ಟೆ. ಗುಂಡಿನ ಜಾಗದಲ್ಲಿ ಬ್ಲೇಡನ್ನಿಟ್ಟು ಹೋಲಿಸಿ ನೋಡಿ. ನೆರಳಿನ ಗಡಿಯಿಂದ ಮೊದಲ ಬೆಳಕಿನ ಪಟ್ಟಿ ಒಂದೂಮುಕ್ಕಾಲು ಮಿಲಿಮೀಟರ್ ಆಚೆಗೂ, ಎರಡನೆಯದು ಮೂರಕ್ಕಿಂತ ತುಸು ಹೆಚ್ಚು ಮಿಲಿಮೀಟರ್ ಆಚೆಗೂ ಕಾಣಬೇಕು.

ಕಂಡ ಚುಕ್ಕೆ ನಿಜವಾದದ್ದೋ, ಗಾಜಿನಿಂದ ಪ್ರತಿಫಲಿಸಿ ಬಂದ ಹೊಳಪೋ ಎಂದು ಪರೀಕ್ಷಿಸಬೇಕು. ಗಾಜನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸ್ವಲ್ಪ ಓರೆ ಮಾಡಿ. ನಿಜವಾದ ಚುಕ್ಕೆ ನೆರಳಿನ ಜೊತೆಗೇ ಸರಿದು, ಸದಾ ಅದರ ನಟ್ಟನಡುವೆಯೇ ಇರುತ್ತದೆ. ಪ್ರತಿಫಲನ ನಡುವನ್ನು ಬಿಟ್ಟು ಓಡುತ್ತದೆ. ಇನ್ನೊಂದು ಪರೀಕ್ಷೆ ನಿಮ್ಮ ಚಂದ್ರನ ಪ್ರಶ್ನೆಗೇ ಸಂಬಂಧಿಸಿದ್ದು. ಈ ಅಳತೆಗಳಲ್ಲಿ ಗುಂಡಿನ ಅಂಚು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಏರುಪೇರಾದರೆ ಅಲೆ ಅರ್ಧದಷ್ಟು ಹಿಂದೆ ಬೀಳುತ್ತದೆ. ಮೇಣದ ಚೂರನ್ನು ಗುಂಡಿನ ಅಂಚಿಗೆ ಒಂದು ಕಡೆ ಮೆತ್ತಿ ನೋಡಿ: ಚುಕ್ಕೆ ಸ್ವಲ್ಪ ಮಂಕಾಗುತ್ತದೆ, ಉಳಿದ ಅಂಚು ಇನ್ನೂ ಒಪ್ಪಿರುತ್ತದೆ. ಸುತ್ತಲೂ ಒರಟೊರಟಾಗಿ ಮೆತ್ತಿದರೆ ಚುಕ್ಕೆ ಒಡೆದು ಇಲ್ಲವಾಗುತ್ತದೆ. ಆದರೆ ನೆರಳಿನ ಹೊರಗೆ, ಅಂಚು ನೇರವಾಗಿ ಉಳಿದಷ್ಟು ಕಡೆ, ಪಟ್ಟಿಗಳ ತುಣುಕುಗಳು ಉಳಿದೇ ಇರುತ್ತವೆ.

ನೀವು ಬಳಸುತ್ತಿರುವುದು ತಟ್ಟೆಯಲ್ಲ, ಗುಂಡು. ಅದರಿಂದ ತೊಂದರೆಯಿಲ್ಲವೇ ಎಂದರೆ, ಎರಡು ಮೀಟರ್ ದೂರದಲ್ಲಿ ಇಲ್ಲ. ಗುಂಡಿನ ತೀರ ಹತ್ತಿರದ ನೆರಳಿನಲ್ಲಿ ಮಾತ್ರ ವ್ಯತ್ಯಾಸ ಬರುತ್ತದೆ. ಅಲ್ಲಿನ ನಡುಬಿಂದುವಿಗೆ ತಲುಪಲು ಬೆಳಕು ಗುಂಡಿನ ಬಾಗಿದ ಮೈಯನ್ನು ಬಳಸಿ ಬರಬೇಕಾಗುವುದರಿಂದ, ಅಷ್ಟೇ ಅಗಲದ ತಟ್ಟೆಯ ಚುಕ್ಕೆಗಿಂತ ಗುಂಡಿನ ಚುಕ್ಕೆ ಮಂಕಾಗಿರುತ್ತದೆ. ಗುಂಡಿನ ನೆರಳನ್ನೂ ತಟ್ಟೆಯ ನೆರಳನ್ನೂ ಹೋಲಿಸಿ 1926ರಲ್ಲಿ ಬರೆದವರು, ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್ ಮತ್ತು ಅವರ ಶಿಷ್ಯ ಕೆ. ಎಸ್. ಕೃಷ್ಣನ್. ನಿಮ್ಮ ಪ್ರಯೋಗದಲ್ಲಿ ಗೋಡೆಯನ್ನು ಗುಂಡಿನ ಹತ್ತಿರ ತಂದಂತೆ ಇನ್ನೊಂದು ಅಡಚಣೆ ಎದುರಾಗುತ್ತದೆ: ದೂರ ಕಡಿಮೆಯಾದಷ್ಟೂ ಚುಕ್ಕೆ ಕಿರಿದಾಗುತ್ತ, 20 ಸೆಂಟಿಮೀಟರಿಗೆ ಬರುವಷ್ಟರಲ್ಲಿ ಅದು ಅರ್ಧ ಮಿಲಿಮೀಟರಿನ ಹತ್ತನೇ ಒಂದು ಭಾಗವಾಗಿರುತ್ತದೆ. ಬರಿಗಣ್ಣಿಗೆ ಅದು ಸಿಗದು, ಭೂತಗನ್ನಡಿ ಬೇಕು. ಆದ್ದರಿಂದ ಕೋಣೆ ಎಷ್ಟು ಉದ್ದವಿದೆಯೋ ಅಷ್ಟೂ ಉದ್ದವನ್ನು ಬಳಸಿಕೊಳ್ಳಿ. ಶಾಲೆಯ ಪಡಸಾಲೆ ಸಿಕ್ಕರೆ ಇನ್ನೂ ಒಳ್ಳೆಯದು. ದೂರ ಇಮ್ಮಡಿಯಾದರೆ ಚುಕ್ಕೆಯ ಅಗಲವೂ ಇಮ್ಮಡಿಯಾಗುತ್ತದೆ. ಒಟ್ಟು ಬೆಳಕು ಮಂಕಾಗುವುದರಿಂದ ಆಗ ಕೋಣೆಯ ಕತ್ತಲೆ ಇನ್ನಷ್ಟು ದಟ್ಟವಾಗಿರಬೇಕು, ನೋಡುವ ಮೊದಲು ಕಣ್ಣುಗಳಿಗೆ ಕತ್ತಲೆಗೆ ಒಗ್ಗಿಕೊಳ್ಳಲು ಐದು ನಿಮಿಷ ಕೊಡಬೇಕು.